ಫೀಸ್ ಕೊನೆಯ ಸ್ಲೈಡಿನಲ್ಲಿ ಅಡಗಬಾರದು

ಮೇ ತಿಂಗಳು ಬಂತೆಂದರೆ ಉಪ್ಪಳ, ಮಂಜೇಶ್ವರ ಕಡೆಯ ಟ್ಯೂಷನ್ ಸೆಂಟರ್‌ಗಳ ಪೋಸ್ಟರ್‌ಗಳು ಫೋನಿನಲ್ಲಿ ತುಂಬಿಕೊಳ್ಳುತ್ತವೆ. ಹಿಂದೆ ಒಂದೇ ಚಿತ್ರದಲ್ಲಿ ಎಲ್ಲವನ್ನೂ ತುರುಕುತ್ತಿದ್ದರು. ಈಗ ಇನ್‌ಸ್ಟಾಗ್ರಾಮಿನಲ್ಲಿ ಪಕ್ಕಕ್ಕೆ ಸರಿಸಿ ನೋಡುವ ಸ್ಲೈಡುಗಳಾಗಿ ಹಾಕುತ್ತಾರೆ. ಇದು ಒಳ್ಳೆಯದೇ. ಆದರೆ ಹೆಚ್ಚಿನವರು ಸೆಂಟರಿನ ಅನುಕೂಲ ನೋಡಿ ಸ್ಲೈಡ್ ಮಾಡುತ್ತಾರೆ. ಮೊದಲು ಕಟ್ಟಡದ ಫೋಟೋ, ಆಮೇಲೆ ಮೇಷ್ಟ್ರುಗಳು, ಆಮೇಲೆ ಹೋದ ವರ್ಷದ ರಿಸಲ್ಟ್, ಕೊನೆಗೆ 'ಫೀಸ್ ವಿವರಕ್ಕೆ ಸಂಪರ್ಕಿಸಿ'. ಮಗುವನ್ನು ಸೇರಿಸುವ ಉಮ್ಮನಿಗೆ ಬೇಕಾದದ್ದು ಬೇರೆ: ಈಗ ನಾನು ಏನು ಮಾಡಬೇಕು?

ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ವರ್ಕ್‌ಶಾಪಿನಲ್ಲಿ ಒಂದು ಭಾಗ ತಯಾರಿಸುವ ಕೆಲಸವನ್ನು ಹಂತ ಹಂತವಾಗಿ ಬರೆಯುತ್ತಾರೆ, ಒಂದು ಸಾಲಿಗೆ ಒಂದು ಕೆಲಸ. ಅಡ್ಮಿಷನ್ ಸ್ಲೈಡಿಗೂ ಅದೇ ಲೆಕ್ಕ ಸಾಕು. ಮನೆಯವರು ಒಂದು ತೀರ್ಮಾನ ಮಾಡುವ ಅಥವಾ ಒಂದು ಕೆಲಸ ಮುಗಿಸುವ ಕಡೆ ಒಂದು ಸ್ಲೈಡ್.

10ನೇ ತರಗತಿಯ ಒಂದು ಬ್ಯಾಚನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಾರೀಕು, ಮೊತ್ತ ಎಲ್ಲ ನಾನೇ ಹಾಕಿದ್ದು. ಐದು ಸ್ಲೈಡ್ ಸಾಕಾಗುತ್ತದೆ.

ಒಂದು, ಯಾರಿಗೆ: "10ನೇ ತರಗತಿ, ಕನ್ನಡ ಮಾಧ್ಯಮ. ಗಣಿತ ಮತ್ತು ವಿಜ್ಞಾನ. ಸೇರಲು ಮೇ 20 ಕೊನೆ ದಿನ."

ಎರಡು, ಖರ್ಚು: "ಸೇರುವಾಗ 1,700 ರೂಪಾಯಿ: ನೋಂದಣಿ 500, ಜೂನ್ ಫೀಸ್ 1,200. ಆಮೇಲೆ ಫೆಬ್ರವರಿವರೆಗೆ ತಿಂಗಳಿಗೆ 1,200. ವರ್ಷಕ್ಕೆ ಒಟ್ಟು 11,300."

ಮೂರು, ತರಬೇಕಾದದ್ದು: "9ನೇ ತರಗತಿಯ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ 1, ಫೋಟೋ 2. ಫಾರಂ ಆಫೀಸಿನಲ್ಲೇ ಸಿಗುತ್ತದೆ, ಬೆಳಿಗ್ಗೆ 10ರಿಂದ 1. ಭಾನುವಾರ ರಜೆ."

ನಾಲ್ಕು, ಪರೀಕ್ಷೆ: "ಮೇ 23ಕ್ಕೆ ಒಂದು ಗಂಟೆಯ ಪರೀಕ್ಷೆ. ಬ್ಯಾಚ್ ಮಾಡಲು ಮಾತ್ರ, ಯಾರನ್ನೂ ಬಿಡುವುದಿಲ್ಲ."

ಐದು, ಆರಂಭ: "ಯಾವ ಬ್ಯಾಚ್ ಎಂದು ಮೇ 25ಕ್ಕೆ ವಾಟ್ಸಾಪಿನಲ್ಲಿ ತಿಳಿಸುತ್ತೇವೆ. ಜೂನ್ 3, ಸಂಜೆ 4.30ಕ್ಕೆ ಕ್ಲಾಸ್ ಶುರು."

ಖರ್ಚನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಸೆಂಟರಿನವರ ತಕರಾರು ಬರುತ್ತದೆ. ದುಡ್ಡು ಕಟ್ಟುವುದು ಕೊನೆಗೆ ತಾನೆ, ಮೊದಲೇ ಹೇಳಿದರೆ ಜನ ಓಡಿಹೋಗುತ್ತಾರೆ ಎನ್ನುತ್ತಾರೆ. ಕಟ್ಟುವುದು ಕೊನೆಗೆ ಇರಬಹುದು, ಆದರೆ ತೀರ್ಮಾನ ಆಗುವುದು ಮೊದಲು. ಫೀಸ್ ಹೊಂದದ ಮನೆಯವರು ಹೇಗೂ ಸೇರುವುದಿಲ್ಲ. ಅಡಗಿಸಿಟ್ಟರೆ ಅವರು ಬಸ್ಸಿಗೆ ದುಡ್ಡು ಕೊಟ್ಟು, ಜೆರಾಕ್ಸ್ ಮಾಡಿಸಿ, ಮಗುವನ್ನು ಆಸೆಯಲ್ಲಿ ಕರೆದುಕೊಂಡು ಬಂದು, ಆಫೀಸಿನ ಎದುರು ಮುಖ ಸಣ್ಣ ಮಾಡಿಕೊಂಡು ಹಿಂದೆ ಹೋಗುತ್ತಾರೆ. ನಮ್ಮ ಅಂಗಡಿಯಲ್ಲಿ ಅಕ್ಕಿ ಚೀಲದ ಮೇಲೆಯೇ ರೇಟಿನ ಚೀಟಿ ಇರುತ್ತದೆ. ಕೇಳಲು ಸಂಕೋಚಪಡುವವರಿಗೆ ಅದೇ ಮರ್ಯಾದೆ.

ವರ್ಷದ ಒಟ್ಟು ಮೊತ್ತ ಬರೆಯುವುದಕ್ಕೂ ಕಾರಣ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ದುಡ್ಡು ಕಳಿಸುವವರು ಗಲ್ಫಿನಲ್ಲಿದ್ದಾರೆ. ಅವರಿಗೆ ಹೋಗುವುದು ಇಡೀ ಪೋಸ್ಟ್ ಅಲ್ಲ, ಆ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ಮಾತ್ರ. ಹಾಗಾಗಿ ಪ್ರತಿ ಸ್ಲೈಡೂ ಒಂಟಿಯಾಗಿ ನಿಲ್ಲಬೇಕು. ಸೆಂಟರಿನ ಹೆಸರು, ಫೋನ್ ನಂಬರ್, '2/5' ಎಂಬ ಕ್ರಮಸಂಖ್ಯೆ ಐದರಲ್ಲೂ ಇರಲಿ. ಡ್ರಾಯಿಂಗ್ ಶೀಟಿನ ಮೂಲೆಯ ಟೈಟಲ್ ಬ್ಲಾಕಿನಲ್ಲಿ ತಿದ್ದುಪಡಿಯ ಗುರುತು ಇರುವ ಹಾಗೆ, ಸ್ಲೈಡಿನ ಮೂಲೆಯಲ್ಲಿ ಅದನ್ನು ತಯಾರಿಸಿದ ತಾರೀಕು ಇರಲಿ. ಪರೀಕ್ಷೆಯ ದಿನ ಬದಲಾದರೆ ಹೊಸ ಸ್ಲೈಡ್ ಹಾಕಬಹುದು, ಆದರೆ ಕೈಯಿಂದ ಕೈಗೆ ಹೋದ ಹಳೆಯದನ್ನು ಹಿಂದೆ ಕರೆಯಲು ಆಗುವುದಿಲ್ಲ. ತಾರೀಕು ಇದ್ದರೆ ಯಾವುದು ಹೊಸದು ಎಂದು ನೋಡಿದವರಿಗೆ ಗೊತ್ತಾಗುತ್ತದೆ.

ಇನ್ನೊಂದು ತೊಡಕು ಕ್ಯಾಪ್ಷನ್‌ನದ್ದು. ಇನ್‌ಸ್ಟಾಗ್ರಾಮಿನಲ್ಲಿ ಇಡೀ ಪೋಸ್ಟಿಗೆ ಕೆಳಗೆ ಒಂದೇ ಕ್ಯಾಪ್ಷನ್, ಅದರಲ್ಲೂ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಹಾಗಾಗಿ ಪ್ರತಿ ಸ್ಲೈಡಿನ ಅಡಿಬರಹವನ್ನು ಚಿತ್ರದ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕೆಳಗಿನ ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ತರಗತಿ ಮತ್ತು ಕೊನೆ ದಿನ ಇದ್ದರೆ ಸಾಕು. ವಾಟ್ಸಾಪಿನಲ್ಲಿ ಕಳಿಸುವಾಗ ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಕ್ಯಾಪ್ಷನ್ ಕೊಡಬಹುದು. ಅಲ್ಲಿ ಫೋನ್ ನಂಬರನ್ನು ಟೈಪ್ ಮಾಡಿ ಹಾಕಿದರೆ, ಒತ್ತಿದ ಕೂಡಲೇ ಕರೆ ಮಾಡಲು ಸುಲಭ.

ಸರಿಯಾಗಿದೆಯೇ ಎಂದು ನೋಡುವುದು ಕಷ್ಟ ಅಲ್ಲ. ಪೋಸ್ಟ್ ಹಾಕುವ ಮೊದಲು ಮೂರನೇ ಸ್ಲೈಡ್ ಒಂದನ್ನೇ ವಿಷಯ ಗೊತ್ತಿಲ್ಲದ ಒಬ್ಬ ತಾಯಿಗೆ ತೋರಿಸಿ. "ಇದು ಎಲ್ಲಿಯದು, ಯಾವಾಗ ಹೋಗಬೇಕು?" ಎಂದು ಕೇಳಿದರೆ ಸ್ಲೈಡ್ ತಿದ್ದಬೇಕು. ಹಾಕಿದ ಮೇಲೆ ಬರುವ ಫೋನ್ ಕರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹತ್ತು ಜನ "ಪರೀಕ್ಷೆಯಲ್ಲಿ ಫೇಲ್ ಆದರೆ ಸೀಟ್ ಇಲ್ಲವಾ?" ಎಂದು ಕೇಳಿದರೆ, ತಪ್ಪು ಓದಿದವರದ್ದಲ್ಲ, ನಾಲ್ಕನೇ ಸ್ಲೈಡಿನದ್ದು.