ಅಧ್ಯಕ್ಷರ ಕೈಯಲ್ಲಿರಬೇಕಾದ ಒಂದು ಹಾಳೆ

ಪುಣೆಯ ಮಾಡೆಲ್ ಕಾಲನಿಯಲ್ಲಿರುವ ಸೇಠ್ ಹಿರಾಚಂದ ನೇಮಚಂದ ಜೈನ ಬೋರ್ಡಿಂಗಿನ ಜಮೀನು ಮಾರಾಟದ ವಿವಾದವು 2025ರ ಅಕ್ಟೋಬರಿನಲ್ಲಿ ನಮ್ಮ ಸಮಾಜವನ್ನು ಬೀದಿಗಿಳಿಸಿತು. ಧರ್ಮಾದಾಯ ಆಯುಕ್ತರು ಯಥಾಸ್ಥಿತಿ ಕಾಯ್ದುಕೊಳ್ಳಲು ಆದೇಶಿಸಿದರು. ಕೊನೆಗೆ ವ್ಯವಹಾರವೇ ಮುರಿದುಬಿತ್ತು. ಆ ಪ್ರಕರಣದ ಸರಿ ತಪ್ಪುಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಅಂಥದೇ ಠರಾವು ನಮ್ಮ ಯಾವುದಾದರೊಂದು ಸಂಸ್ಥೆಯ ಸಭೆಗೆ ಬಂದರೆ ಅಧ್ಯಕ್ಷರ ಪೀಠದಲ್ಲಿ ಕುಳಿತವರು ಏನು ಮಾಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ನಮ್ಮಲ್ಲಿ ಆ ಪೀಠವು ಬಹುಪಾಲು ಹಿರಿಯ ದಾನಿಗಳಿಗೆ ಸಲ್ಲುತ್ತದೆ. ಸಭಾನಿಯಮಗಳನ್ನು ಬಲ್ಲವರಿಗೆ ಸಲ್ಲುವುದು ಅಪರೂಪ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಂಸ್ಥೆಗೆ ಮೂರು ಎಕರೆ ಇದೆ. ನೋಟೀಸಿನಲ್ಲಿರುವ ಠರಾವು ಹೀಗಿದೆ: "ಸಂಸ್ಥೆಯ ಜಮೀನಿನಲ್ಲಿ ಒಂದು ಎಕರೆಯನ್ನು ಮಾರಿ, ಬಂದ ಹಣದಿಂದ ಹೊಸ ವಸತಿಗೃಹ ಕಟ್ಟಿಸತಕ್ಕದ್ದು." ಚರ್ಚೆಗೆ 75 ನಿಮಿಷಗಳಿವೆ, ಇಪ್ಪತ್ತು ಮಂದಿ ಹೆಸರು ಕೊಟ್ಟಿದ್ದಾರೆ. ತಲಾ ಮೂರು ನಿಮಿಷದಂತೆ ಅರವತ್ತು, ಮಂಡಿಸಿದವರ ಉತ್ತರಕ್ಕೆ ಐದು, ಉಳಿದ ಹತ್ತು ಆಕ್ಷೇಪಣೆಗಳಿಗೆ ಮತ್ತು ಮತದಾನಕ್ಕೆ. ಈ ಲೆಕ್ಕವನ್ನು ಮೊದಲ ಭಾಷಣಕ್ಕೆ ಮುಂಚೆಯೇ ಓದಿ ಹೇಳಿ ಸಭೆಯ ಒಪ್ಪಿಗೆ ಪಡೆಯಬೇಕು. ನಡುವೆ ಮಿತಿ ಹೇರಿದರೆ ಆಗ ಮೈಕಿನ ಮುಂದಿರುವವರ ಬಾಯಿ ಮುಚ್ಚಿಸಿದಂತೆ ಕಾಣುತ್ತದೆ. ಎರಡೂವರೆ ನಿಮಿಷಕ್ಕೆ ಒಂದು ಗಂಟೆ, ಮೂರಕ್ಕೆ ಎರಡು. ಗಡಿಯಾರವನ್ನು ಅಧ್ಯಕ್ಷರಲ್ಲದೆ ಬೇರೊಬ್ಬರು ನೋಡಲಿ. ಪರ ಒಬ್ಬರು, ವಿರೋಧ ಒಬ್ಬರು ಎಂಬಂತೆ ಕರೆಯಬೇಕು. ವೇದಿಕೆಯಲ್ಲಿ ಅನೇಕಾಂತದ ವ್ಯಾಖ್ಯಾನ ಮಾಡಿ, ವಿರೋಧಿಯ ಸರದಿ ಬಂದಾಗ ಸಮಯ ಮುಗಿಯಿತೆನ್ನುವ ರೂಢಿ ನಮ್ಮಲ್ಲಿ ಇಲ್ಲದಿಲ್ಲ.

ಕ್ರಿಯಾಲೋಪವೆಂದು ಯಾರಾದರೂ ಎದ್ದರೆ ಭಾಷಣವನ್ನೂ ಗಡಿಯಾರವನ್ನೂ ನಿಲ್ಲಿಸಬೇಕು. "ಯಾವ ನಿಯಮ ಮುರಿದಿದೆ?" ಎಂಬ ಒಂದೇ ಪ್ರಶ್ನೆ ಕೇಳಬೇಕು. "ಕೋರಂ ಇಲ್ಲ", "ಮಾತನಾಡುತ್ತಿರುವವರು ಸದಸ್ಯರಲ್ಲ" ಎಂಬಂಥವು ಕ್ರಿಯಾಲೋಪಗಳು. "ಅವರು ಹೇಳಿದ ಬೆಲೆ ಸುಳ್ಳು" ಎಂಬುದು ವಾದ. ಅದಕ್ಕೆ ಅವರ ಸರದಿಯೇ ಸ್ಥಳ. ಅಧ್ಯಕ್ಷರು ಚರ್ಚೆಗೆ ಬಿಡದೆ, ಕಾರಣ ಸಹಿತ ಆಗಲೇ ನಿರ್ಣಯ ಹೇಳಿ, ಅದನ್ನು ನಡವಳಿಯಲ್ಲಿ ಬರೆಸಬೇಕು.

ನಿಜವಾದ ತೊಡಕಿರುವುದು ತಿದ್ದುಪಡಿಗಳಲ್ಲಿ. ನಮ್ಮ ಸಭೆಯಲ್ಲಿ ನಾಲ್ಕು ಬಂದವೆನ್ನಿ. "ಒಂದು ಎಕರೆ" ಎಂಬಲ್ಲಿ "ಮೂರೂ ಎಕರೆ". "ಮಾರಿ" ಎಂಬಲ್ಲಿ "ಮಾರದೆ". "ಒಂದು ಎಕರೆ" ಎಂಬುದರ ಮುಂದೆ "ಬಸದಿಯ ಅಂಗಳವನ್ನು ಬಿಟ್ಟು". ಕೊನೆಯಲ್ಲಿ "ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು". ಎಲ್ಲವನ್ನೂ ಬರಹದಲ್ಲಿ ಪಡೆದು ಓದಿಸಬೇಕು.

ಮೊದಲನೆಯದು ಅಸಂಬದ್ಧ, ಏಕೆಂದರೆ ಅದು ನೋಟೀಸಿನ ವ್ಯಾಪ್ತಿಯನ್ನು ಮೀರುತ್ತದೆ. ಒಂದೇ ಎಕರೆ ತಾನೆ ಎಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಉಳಿದ ಸದಸ್ಯರಿಗೆ ಅದು ಮೋಸವಾಗುತ್ತದೆ. ಎರಡನೆಯದು ಠರಾವಿನ ನಿರಾಕರಣೆಯೇ ಹೊರತು ತಿದ್ದುಪಡಿಯಲ್ಲ. ಹಾಗೆ ಬಯಸುವವರು ಮೂಲ ಠರಾವಿಗೆ ವಿರುದ್ಧ ಮತ ಹಾಕಬಹುದು. ಉಳಿದೆರಡನ್ನು ಠರಾವಿನಲ್ಲಿ ಪದಗಳು ಬರುವ ಕ್ರಮದಲ್ಲಿ, ಮೊದಲು ಬಸದಿ, ಬಳಿಕ ಹೆಣ್ಣುಮಕ್ಕಳ ಮೀಸಲು, ಹೀಗೆ ಮತಕ್ಕೆ ಹಾಕಬೇಕು. ಎರಡೂ ಗೆದ್ದವೆಂದರೆ ಕೆಲಸ ಮುಗಿಯಲಿಲ್ಲ. ಇಲ್ಲಿಯೇ ಚಪ್ಪಾಳೆ ಬೀಳುತ್ತದೆ, ಜನ ಏಳುತ್ತಾರೆ, ಕಾರ್ಯದರ್ಶಿಗಳು "ಮಂಜೂರು" ಎಂದು ಬರೆದುಬಿಡುತ್ತಾರೆ. ವಾಸ್ತವದಲ್ಲಿ ಮಾರಾಟಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ತಿದ್ದಿದ ಠರಾವನ್ನು ಪೂರ್ತಿ ಓದಿ ಮತ್ತೊಮ್ಮೆ ಮತ ಕೇಳಬೇಕು. ಬಸದಿಯನ್ನು ಉಳಿಸಲು ಕೈಯೆತ್ತಿದವರೇ ಆಗ ಮಾರಾಟಕ್ಕೆ ವಿರುದ್ಧವಾಗಿ ಕೈಯೆತ್ತಬಹುದು.

ಸಂಬದ್ಧ ತಿದ್ದುಪಡಿಯನ್ನು ತಳ್ಳಿಹಾಕುವುದೂ ಅಷ್ಟೇ ಅಪಾಯಕರ. 1890ರಲ್ಲಿ ಬ್ಯಾಂಕ್ ಆಫ್ ಆಸ್ಟ್ರಲೇಷಿಯಾದ ಮೊಕದ್ದಮೆಯಲ್ಲಿ, ಅಧ್ಯಕ್ಷರು ಯೋಗ್ಯ ತಿದ್ದುಪಡಿಯನ್ನು ಮತಕ್ಕೆ ಹಾಕಲಿಲ್ಲವೆಂಬ ಕಾರಣಕ್ಕೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಠರಾವನ್ನೇ ಅಸಿಂಧುವೆಂದಿತು. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಹಂತವಿದೆ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಅಧಿನಿಯಮದ 36ನೇ ಕಲಮಿನಂತೆ ಧರ್ಮಾದಾಯ ಆಯುಕ್ತರ ಪೂರ್ವಮಂಜೂರಿ ಇಲ್ಲದ ಸ್ಥಿರಾಸ್ತಿ ಮಾರಾಟ ಊರ್ಜಿತವಲ್ಲ. ಆ ಮಂಜೂರಿ ಕೇಳುವಾಗ ಎದುರಾಳಿಗಳು ಮೊದಲು ಬಿಚ್ಚುವುದು ಸಭೆಯ ನಡವಳಿಯನ್ನೇ. ಲೆಕ್ಕಪರಿಶೋಧನೆಯಲ್ಲಿ ನಾನು ನೋಡುವ ನಡವಳಿ ಪುಸ್ತಕಗಳಲ್ಲಿ "ಸರ್ವಾನುಮತದಿಂದ" ಎಂಬ ಒಂದು ಪದವಿರುತ್ತದೆ, ಅಷ್ಟೆ. ಪರ ಎಷ್ಟು, ವಿರೋಧ ಎಷ್ಟು, ತಿರಸ್ಕೃತ ತಿದ್ದುಪಡಿ ಯಾವುದು, ಏಕೆ ಎಂಬುದಿರುವುದಿಲ್ಲ.

ಹಾಳೆಯ ಕೊನೆಯ ಸಾಲು ಗದ್ದಲದ್ದು. ಮಾತು ಕೈಮೀರಿದರೆ ಹತ್ತು ನಿಮಿಷದ ವಿರಾಮ ಘೋಷಿಸಿ, ಮತ್ತೆ ಕೂಡುವ ವೇಳೆಯನ್ನು ಹೇಳಿಯೇ ಪೀಠದಿಂದ ಏಳಬೇಕು. ಸಭೆಯನ್ನು ಬೇರೆ ದಿನಕ್ಕೆ ಮುಂದೂಡುವುದಾದರೆ ನಿಯಮಾವಳಿ ಬೇರೆ ಹೇಳದ ಹೊರತು ಸದಸ್ಯರ ಮತ ಕೇಳಬೇಕು. ಅಧ್ಯಕ್ಷರು ಸಿಟ್ಟಿನಿಂದ "ಸಭೆ ಬರಖಾಸ್ತು" ಎಂದು ಹೊರನಡೆದರೆ, ಉಳಿದವರು ಇನ್ನೊಬ್ಬರನ್ನು ಆರಿಸಿಕೊಂಡು ಸಭೆ ಮುಂದುವರಿಸಬಹುದು.