‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಯಾರು ಕೈಗೊಳ್ಳುತ್ತಾರೆ ಸ್ವಾಮಿ?

ನಮ್ಮ ತಾಲೂಕಿನ ಒಂದು ಊರಿನ ಗ್ರಾಮಸಭೆ. ಶಾಲೆ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು ಕುಡಿಯೋ ನೀರಿನ ವಿಷಯ ತೋರಿಸಿದರು. ಸ್ಲೈಡಿನಲ್ಲಿ ಇದ್ದದ್ದು ಇಷ್ಟು:

“ಗ್ರಾಮದ 4 ಜಲಮೂಲಗಳ ಪೈಕಿ ಮೂಲ ಸಂಖ್ಯೆ 2 ಮತ್ತು 4ರಲ್ಲಿ ಫ್ಲೋರೈಡ್ ಸಾಂದ್ರತೆಯು ಕ್ರಮವಾಗಿ 2.4 ಹಾಗೂ 1.8 ಮಿ.ಗ್ರಾಂ/ಲೀ ಇದ್ದು, ಐಎಸ್ 10500:2012ರನ್ವಯ ಅನುಮತಿಸಬಹುದಾದ ಮಿತಿಯನ್ನು ಮೀರಿರುವುದರಿಂದ ಸದರಿ ಮೂಲಗಳನ್ನು ಪಾನಯೋಗ್ಯವಲ್ಲವೆಂದು ವರ್ಗೀಕರಿಸಲಾಗಿದೆ. ಪರ್ಯಾಯ ಮೂಲ ಲಭ್ಯವಾಗುವವರೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸತಕ್ಕದ್ದು. ಘಟಕದ ದುರಸ್ತಿ ಕುರಿತು ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಓದಿದವರು ಅರ್ಧ ನಿಮಿಷದಲ್ಲಿ ಓದಿ ಮುಂದಿನ ಸ್ಲೈಡಿಗೆ ಹೋದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ, “ಕಾಯ್ಸಿ ಕುಡುದ್ರೆ ಹೋಗಲ್ವಾ ಸಾ ಅದು?” ಅಂತ ಕೇಳಿದರು. “ಎಲ್ಲಾ ಸ್ಲೈಡಲ್ಲಿ ಹಾಕಿದೀವಮ್ಮ” ಅಂತ ಉತ್ತರ ಬಂತು. ಸ್ಲೈಡಲ್ಲಿ ಅದು ಇರಲಿಲ್ಲ. ಆ ರಾತ್ರಿ ಊರಲ್ಲಿ ಎಷ್ಟೋ ಮನೆಯವರು ಅದೇ ಬೋರ್ ನೀರನ್ನ ಕಾಯಿಸಿ ಕುಡಿದರು.

ಫ್ಲೋರೈಡ್ ಕಾಯಿಸಿದರೆ ಹೋಗಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಕುದಿಸಿದಷ್ಟೂ ಉಪ್ಪಾಗುತ್ತಲ್ಲ, ಹಾಗೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಈ ನೀರಿನ ಜೊತೆ ಬಹಳ ವರ್ಷದಿಂದ ಬದುಕಿದ್ದಾರೆ, ಅವರಿಗೆ ಇದು ಹೊಸದಲ್ಲ. ನಮ್ಮೂರಿಗೆ ಹೊಸದು.

ಮಾರನೇ ದಿನ ನಾವು ಇಬ್ಬರು ಹೋಗಿ, ಇದನ್ನ ಜನಕ್ಕೆ ಅರ್ಥ ಆಗೋ ಹಾಗೆ ಬರೆದು ಕೊಡಲಾ ಅಂತ ಕೇಳಿದೆವು. “ತಾಂತ್ರಿಕ ವಿಷಯ ಕಣ್ರೀ, ಪದ ಬದಲಾಯಿಸಿದ್ರೆ ಅರ್ಥ ಕೆಡುತ್ತೆ” ಅಂದರು. ಈ ಮಾತನ್ನ ನಾವು ಒಪ್ಪಲ್ಲ. ಮೇಲಿನ ಸ್ಲೈಡನ್ನ ಇನ್ನೊಮ್ಮೆ ನೋಡಿ. ಅದರಲ್ಲಿ ತಾಂತ್ರಿಕ ಅನ್ನಬಹುದಾದ್ದು ಫ್ಲೋರೈಡ್, ಮಿಲಿಗ್ರಾಂ ಲೆಕ್ಕ, ಮಾನದಂಡದ ನಂಬರು, ಅಷ್ಟೇ. ‘ಸದರಿ’, ‘ಪಾನಯೋಗ್ಯ’, ‘ಬಳಸತಕ್ಕದ್ದು’, ‘ಕೈಗೊಳ್ಳಲಾಗುವುದು’ ಯಾವ ವಿಜ್ಞಾನದಿಂದಲೂ ಬಂದದ್ದಲ್ಲ, ಕಚೇರಿ ಕಡತದಿಂದ ಬಂದದ್ದು. ನಾವು ಫ್ಲೋರೈಡನ್ನೂ ಬಿಡಲಿಲ್ಲ, 2.4 ಅನ್ನೂ ಬಿಡಲಿಲ್ಲ. ಕಡತದ ಮಾತನ್ನ ಮಾತ್ರ ತೆಗೆದೆವು.

ಮೊದಲು ಸಿಕ್ಕಿಕೊಂಡದ್ದು ‘ಮೂಲ ಸಂಖ್ಯೆ 2 ಮತ್ತು 4’. ಊರಲ್ಲಿ ಯಾವ ಬೋರಿಗೂ ನಂಬರಿಲ್ಲ. ನೀರುಗಂಟಿಯನ್ನ ಕರೆದು ಕೇಳಿದರೆ ಅವರು ಕೈ ತೋರಿಸಿದರು: 2 ಅಂದರೆ ಶಾಲೆ ಹಿಂದಿನ ಬೋರು, 4 ಅಂದರೆ ಮಾರಮ್ಮನ ಗುಡಿ ಬೋರು. ಶಾಲೆ ಹಿಂದಿನದ್ದೇ 2.4. ಯಾರ ಮನೆ ನಲ್ಲಿಗೆ ಯಾವ ಬೋರಿನ ನೀರು ಬರುತ್ತೆ ಅನ್ನೋದೂ ಅವರಿಗೇ ಗೊತ್ತಿತ್ತು. ಸ್ಲೈಡ್ ಮಾಡಿದವರು ಅವರನ್ನ ಕೇಳಿರಲೇ ಇಲ್ಲ.

ಆಮೇಲೆ ಅಂಕಿ. ಬರೀ 2.4 ಅಂದರೆ ಹೆಚ್ಚೋ ಕಡಿಮೆಯೋ ಯಾರಿಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ಅಳತೆಗೆ ಇನ್ನೊಂದು ಬೇಕು. ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ ಮಾತ್ರ 1.5ರ ತನಕ ಬಿಡುತ್ತಾರೆ. ಈ ‘ಬೇರೆ ನೀರೇ ಸಿಗದ ಕಡೆ ಮಾತ್ರ’ ಅನ್ನೋದು ಸ್ಲೈಡಿನ ‘ಅನುಮತಿಸಬಹುದಾದ ಮಿತಿ’ಯೊಳಗೆ ಮುಚ್ಚಿಹೋಗಿತ್ತು. ನಾವು ಅದನ್ನ ಬಿಡಿಸಿ ಬರೆದೆವು.

ಒಂದು ತಪ್ಪು ನಮ್ಮದೂ ಆಯಿತು, ಹೇಳಿಬಿಡುತ್ತೇವೆ. ಮೊದಲ ಸಲ ‘ಈ ಎರಡು ಬೋರಿನ ನೀರು ವಿಷ’ ಅಂತ ಬರೆದೆವು. ಸುಲಭ ಆಯಿತು ಅಂತ ಖುಷಿಯೂ ಪಟ್ಟೆವು. ನಮ್ಮ ಪೈಕಿ ಒಬ್ಬನ ತಾಯಿಗೆ ಓದಿ ಹೇಳಿ, “ಅಮ್ಮ, ಏನ್ ತಿಳ್ಕೊಂಡೆ, ನಿನ್ ಮಾತಲ್ಲಿ ಹೇಳು” ಅಂದೆವು. ಅವರು, “ಮೈಗೂ ಹುಯ್ಕೋಬಾರ್ದು, ದನೀಗೂ ಕುಡಿಸ್ಬಾರ್ದು, ತೋಟದ್ ಬಾವಿ ನೀರ್ ತರ್ಬೇಕು” ಅಂದರು. ಎದೆ ಧಸಕ್ ಅಂತು. ಸ್ನಾನ, ಬಟ್ಟೆ, ಪಾತ್ರೆಗೆ ಈ ನೀರು ಬಳಸಬಹುದು. ಅದನ್ನ ಬಿಟ್ಟು ತೆರೆದ ಬಾವಿ ನೀರು ಕುಡಿದರೆ ಊರಿಗೆ ವಾಂತಿಭೇದಿ ಬರಬಹುದು. ಸರಳ ಮಾಡೋ ಭರದಲ್ಲಿ ಸುಳ್ಳು ಬರೆದಿದ್ದೆವು. “ಅರ್ಥ ಆಯ್ತಾ?” ಅಂತ ಕೇಳಿದ್ದರೆ ಅವರು “ಆಯ್ತು” ಅಂತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ತಿರುಗಿ ಅವರ ಬಾಯಲ್ಲೇ ಹೇಳಿಸಿದ್ದಕ್ಕೆ ಸಿಕ್ಕಿಬಿತ್ತು.

ಎರಡನೇ ಸಲ ಬರೆದದ್ದು ಇದು:

“ಶಾಲೆ ಹಿಂದಿನ ಬೋರು, ಮಾರಮ್ಮನ ಗುಡಿ ಬೋರು, ಈ ಎರಡರ ನೀರಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಇದ್ದರೆ ಮಾತ್ರ 1.5 ತನಕ ಆಗಬಹುದು. ಶಾಲೆ ಹಿಂದಿನದ್ದರಲ್ಲಿ 2.4, ಗುಡಿ ಬೋರಿನಲ್ಲಿ 1.8 ಇದೆ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಇಲ್ಲ. ಕಾಯಿಸಿದರೂ ಹೋಗಲ್ಲ. ಈ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಕಲೆಯಾಗಬಹುದು, ಆ ಕಲೆ ಉಜ್ಜಿದರೆ ಹೋಗಲ್ಲ. ವರ್ಷಗಟ್ಟಲೆ ಕುಡಿದವರಿಗೆ ಕೀಲು, ಬೆನ್ನು ಹಿಡಿದುಕೊಳ್ಳಬಹುದು. ಕುಡಿಯೋಕೆ, ಅನ್ನ ಸಾರಿಗೆ, ಟೀಗೆ ಈ ನೀರು ಬೇಡ. ಸ್ನಾನಕ್ಕೆ, ಬಟ್ಟೆ ಪಾತ್ರೆ ತೊಳೆಯೋಕೆ ಬಳಸಬಹುದು.”

ಮೂಲಕ್ಕಿಂತ ಉದ್ದ ಆಯಿತು. ಆಗಲಿ. ಸರಳ ಅಂದರೆ ಚಿಕ್ಕದು ಅಂತ ತಿಳಿದವರೇ ಆರು ವಾಕ್ಯದ ವಿಷಯವನ್ನ ಒಂದು ವಾಕ್ಯದೊಳಗೆ ತುರುಕುತ್ತಾರೆ. ಅಡುಗೆ ಅಂತಷ್ಟೇ ಬರೆಯದೆ ‘ಅನ್ನ ಸಾರು, ಟೀ’ ಅಂತ ಬರೆದದ್ದಕ್ಕೂ ಕಾರಣ ಇದೆ. ಅಕ್ಕಿ ಬೇಯುವಾಗ ಅಷ್ಟೂ ನೀರು ಹೀರುತ್ತದೆ. ಕುಡಿಯೋಕೆ ಮಾತ್ರ ಕ್ಯಾನ್ ನೀರು ತಂದು, ಅಡುಗೆಗೆ ಬೋರ್ ನೀರು ಹಾಕೋ ಮನೆಗಳನ್ನ ನಾವೇ ನೋಡಿದ್ದೇವೆ.

ಕೊನೆಯ ವಾಕ್ಯಕ್ಕೆ ಬಂದಾಗ ಪೆನ್ನು ನಿಂತಿತು. ‘ಘಟಕದ ದುರಸ್ತಿ ಕುರಿತು ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಒಂದೇ ಸ್ಲೈಡಿನಲ್ಲಿ ಮೇಲೆ ‘ಫಿಲ್ಟರ್ ನೀರು ಬಳಸಿ’ ಅಂತಾರೆ, ಕೆಳಗೆ ಫಿಲ್ಟರ್ ಕೆಟ್ಟಿದೆ ಅಂತಾರೆ. ದಪ್ಪ ಕನ್ನಡದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೇರವಾಗಿ ಬರೆಯೋಕೆ ಹೋದರೆ ಕ್ರಿಯಾಪದಕ್ಕೆ ಒಬ್ಬ ಕರ್ತೃ ಬೇಕು. ಯಾರು ಮಾಡಿಸುತ್ತಾರೆ? ಪಂಚಾಯ್ತಿಯಲ್ಲಿ ಕೇಳಿದರೆ ಇಲಾಖೆ ಅಂದರು. ಇಲಾಖೆಯವರು ನಿರ್ವಹಣೆ ಗುತ್ತಿಗೆದಾರರದ್ದು ಅಂದರು. ಗುತ್ತಿಗೆದಾರರು ಬಿಲ್ ಬಂದಿಲ್ಲ ಅಂದರು. ಒಳಗಿನ ಮೆಂಬ್ರೇನ್ ಹೋಗಿದೆ, ಹೊಸದು ಹಾಕಬೇಕು, ಕೆಲಸ ಇಷ್ಟೇ. ಆದರೆ ವಾಕ್ಯಕ್ಕೆ ಕರ್ತೃವೇ ಇಲ್ಲ.

ನಮ್ಮ ತಕರಾರು ಇದೇ. ‘ಲಾಗುವುದು’ ಭಾಷೆ ಬರೀ ಕಷ್ಟದ ಭಾಷೆ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅದು ಕೆಲಸ ಯಾರ ತಲೆ ಮೇಲೂ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಸ್ಲೈಡ್ ಮಾಡಿದವರು ಬೇಕಂತಲೇ ಮಾಡಿದರು ಅಂತ ನಾವು ಹೇಳಲ್ಲ, ಮೇಲಿಂದ ಬಂದ ಪತ್ರದಿಂದ ಕಾಪಿ ಮಾಡಿರುತ್ತಾರೆ. ಆದರೂ ಆ ಸಾಲನ್ನ ನಾವು ಕಾಪಿ ಮಾಡಲಿಲ್ಲ. ಗೊತ್ತಿಲ್ಲದ ಹೆಸರನ್ನ ಕಟ್ಟಿ ಬರೆಯೋಕೂ ಆಗಲ್ಲ. ಜಾಗ ಖಾಲಿ ಬಿಟ್ಟೆವು:

“ಶುದ್ಧ ನೀರಿನ ಫಿಲ್ಟರ್ ಈಗ ಕೆಟ್ಟಿದೆ. ರಿಪೇರಿ ಮಾಡಿಸುವವರು: ________. ಎಷ್ಟನೇ ತಾರೀಕಿನೊಳಗೆ: ________. ಅಲ್ಲಿಯ ತನಕ ಕುಡಿಯೋ ನೀರು ಎಲ್ಲಿಂದ: ________. ರಿಪೇರಿ ಆದಮೇಲೆ ಫಿಲ್ಟರ್ ನೀರನ್ನ ಟೆಸ್ಟ್ ಮಾಡಿ ಅಂಕಿ ಬೋರ್ಡಿಗೆ ಹಾಕುವವರು: ________.”

ಕೊನೇ ಸಾಲು ಯಾಕೆ ಅಂದರೆ, ಮೆಂಬ್ರೇನ್ ಕೆಟ್ಟರೂ ನೀರು ಮಾತ್ರ ತಿಳಿಯಾಗಿಯೇ ಬರಬಹುದು. ಕಣ್ಣಿಗೆ, ನಾಲಿಗೆಗೆ ಗೊತ್ತಾಗಲ್ಲ. ಕಿಟ್ಟಿನಲ್ಲಿ ನೋಡಬೇಕು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿಗೆ 5 ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಆ ಐದು ಜನ ಯಾರು ಅಂತ ಕೇಳಿ ನೋಡಿ.

ಹದಿನೈದು ದಿನದ ಮೇಲೆ ಮತ್ತೆ ಸಭೆ ಸೇರಿತು. ಈ ಹಾಳೆಯನ್ನ ಪ್ರೊಜೆಕ್ಟರಿಗೆ ಹಾಕದೆ, ಸ್ವಸಹಾಯ ಸಂಘದ ಒಬ್ಬ ಅಕ್ಕ ನಿಂತು ಗಟ್ಟಿಯಾಗಿ ಓದಿದರು. ಖಾಲಿ ಜಾಗ ಬಂದಾಗ ಓದು ನಿಲ್ಲಿಸಿ ಮುಂದೆ ಕೂತಿದ್ದವರ ಮುಖ ನೋಡಿದರು. ಯಾರೂ ಮಾತಾಡಲಿಲ್ಲ. ಹಿಂದಿಂದ ಅದೇ ಅಜ್ಜಿ, “ಬರ್ಕೊಳವ್ವ, ಯಾರಾದ್ರೂ ಒಬ್ರು ಹೇಳ್ತಾರೆ” ಅಂದರು. ಸ್ವಲ್ಪ ಹೊತ್ತಿಗೆ ಎಂಜಿನಿಯರ್ ತಮ್ಮ ಹೆಸರನ್ನೂ ಒಂದು ತಾರೀಕನ್ನೂ ಹೇಳಿದರು. ಅಲ್ಲಿಯ ತನಕ ಟ್ಯಾಂಕರ್ ಕಳಿಸೋದು ಪಂಚಾಯ್ತಿ ಪಾಲಿಗೆ ಬಂತು. ನಡಾವಳಿ ಪುಸ್ತಕದಲ್ಲಿ ಅದು ಹಾಗೇ ದಾಖಲಾಯಿತು. ಟೆಸ್ಟ್ ಮಾಡುವವರ ಜಾಗ ಇನ್ನೂ ಖಾಲಿ ಇದೆ.