ನೌಬಾದದ ಜಿಮ್ ಮಾಲೀಕರೇ, ಆ ಬ್ಯಾನರ್ ತಿದ್ದಿ ಬರೆಸಿ

‘ತಾಯಂದಿರಿಗೆ ಭರ್ಜರಿ ಆಫರ್! 30 ದಿನದಲ್ಲಿ 10 ಕಿಲೋ ಇಳಿಸಿ’ ಎಂದು ಬರೆಸುವ ಮುನ್ನ, ಅದನ್ನು ಓದುವವಳು ಯಾರೆಂದು ಯೋಚಿಸಿ. ನಸುಕಿನಲ್ಲೇ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದವಳು. ಅವಳಿಗೆ ಬಿಡುವು ಸಿಗುವುದು ಹನ್ನೊಂದರ ಹೊತ್ತಿಗೆ. ನಿಮ್ಮ ಲೇಡೀಸ್ ಬ್ಯಾಚ್ ಬೆಳಗಿನ ಆರಕ್ಕೆ!

ವರ್ಷಕ್ಕೆ 6,000 ರೂಪಾಯಿ ಅನ್ನಿ. ತಿಂಗಳಿಗೆ 500, ಅಗ್ಗವೆನಿಸಿ ಕಟ್ಟುತ್ತಾಳೆ. ಮೊದಲ ದಿನವೇ ಟ್ರೆಡ್‌ಮಿಲ್ ಮೇಲೆ ಓಡಿಸಿ, ಐವತ್ತು ಬಸ್ಕಿ ಹೊಡೆಸುತ್ತೀರಿ. ಎರಡು ದಿನ ಮೆಟ್ಟಿಲಿಳಿಯಲು ಆಗದಷ್ಟು ತೊಡೆ ಹಿಡಿಯುತ್ತದೆ. ನಡುವೆ ಮಗುವಿಗೆ ಜ್ವರ. ಐದು ಸಲ ಬಂದು ನಿಂತರೆ ಒಂದೊಂದು ಸಲಕ್ಕೆ 1,200 ರೂಪಾಯಿ ಬಿತ್ತು. ಬಾರದವರ ದುಡ್ಡಿನಲ್ಲಿ ನಡೆಯುವ ಜಿಮ್ಮಿಗೆ ಇದು ಲಾಭವೇ ಇರಬಹುದು. ಆದರೆ ಅವಳು ‘ನನ್ನಿಂದ ಆಗಲಿಲ್ಲ’ ಎಂದು ತನ್ನನ್ನೇ ಬೈದುಕೊಳ್ಳುತ್ತಾಳಲ್ಲ, ಅದಕ್ಕೆ ಹೊಣೆ ಯಾರು?

ಹೀಗೆ ಬರೆಸಿ ನೋಡಿ: ‘ಅಕ್ಕಾರೆ, ವಾರದಾಗ ಎರಡು ದಿನ, ಇಪ್ಪತ್ತು ನಿಮಿಷ ಬರ್ರಿ. ಚೂಡಿದಾರ ನಡೀತದ. ಹತ್ತು ಸಲದ ಚೀಟಿ 500 ರೂಪಾಯಿ, ಆರು ತಿಂಗಳ ತನಕ ಯಾವಾಗರ ಬರ್ರಿ. ಹನ್ನೊಂದಕ್ಕ ಹೆಣ್ಣುಮಕ್ಕಳ ಟ್ರೇನರ್ ಇರ್ತಾರ.’

ಇಪ್ಪತ್ತು ನಿಮಿಷದಲ್ಲಿ ಏನಾದೀತು ಎನ್ನಬೇಡಿ. ಒಮ್ಮೆಗೆ ಹತ್ತು ನಿಮಿಷಕ್ಕಿಂತ ಕಡಿಮೆ ಮಾಡಿದ ವ್ಯಾಯಾಮ ಲೆಕ್ಕಕ್ಕಿಲ್ಲ ಎಂಬ ಹಳೆಯ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಕೈಬಿಟ್ಟಿದೆ. ಮೊದಲ ವಾರ ಕುರ್ಚಿಯಿಂದ ಎಂಟು ಸಲ ಎದ್ದು ಕೂರಿಸಿ, ಗೋಡೆಗೆ ಕೈಯೂರಿ ಎಂಟು ಸಲ ದೂಡಿಸಿ, ಉಳಿದ ಹೊತ್ತು ಮಾತಾಡುತ್ತ ನಡೆಸಿ. ಮರುದಿನ ಅವಳು ಆರಾಮಾಗಿ ಮನೆಗೆಲಸ ಮಾಡಿಕೊಂಡರೆ ಮುಂದಿನ ವಾರ ಎರಡು ಸಲ ಏರಿಸಿ.

ಚೀಟಿ ಹರಿಯುವ ಮೊದಲು ಕೇಳಲೇಬೇಕಾದ ಮಾತುಗಳಿವೆ. ಹೆರಿಗೆ ಯಾವಾಗ ಆಯಿತು? ಸಿಸೇರಿಯನ್ನೋ? ಹಾಗಿದ್ದರೆ ಡಾಕ್ಟರು ಒಪ್ಪಿದ್ದಾರೋ? ಕೆಮ್ಮಿದಾಗ, ಜಿಗಿದಾಗ ಮೂತ್ರ ಜಿನುಗುತ್ತದೆಯೋ? ಇದನ್ನು ಗಂಡಸು ಟ್ರೇನರ್ ಮುಂದೆ ಯಾವ ತಾಯಿಯೂ ಬಾಯಿಬಿಡುವುದಿಲ್ಲ. ಜಿನುಗುತ್ತಿದ್ದರೆ ಹಗ್ಗದಾಟ, ಜಿಗಿತ ಬಂದ್. ಮಲಗಿ ತಲೆಯೆತ್ತಿದಾಗ ಹೊಟ್ಟೆಯ ನಡುವೆ ಏಣು ಉಬ್ಬಿದರೆ ಸ್ನಾಯು ಇನ್ನೂ ಕೂಡಿಕೊಂಡಿಲ್ಲ. ಸಿಟ್‌ಅಪ್ ಮಾಡಿಸದೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ಅದನ್ನು ಸೋಮಾರಿತನ ಅನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.

ಇನ್ನು ಬ್ಯಾನರಿನ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಷರತ್ತು ಅನ್ವಯ’ ಎಂದು ಇಂಗ್ಲಿಷಿನಲ್ಲಿ ತುರುಕುತ್ತೀರಲ್ಲ, 2022ರ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಅದನ್ನು ಒಪ್ಪುವುದಿಲ್ಲ. ಯಾವ ಭಾಷೆಯಲ್ಲಿ ಆಸೆ ತೋರಿಸುತ್ತೀರೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಓದುವಂತಿರಬೇಕು. ಜಿಎಸ್‌ಟಿ ಸೇರಿ ಒಟ್ಟು ಎಷ್ಟು, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಕನ್ನಡದಲ್ಲೇ, ಆಫರಿನ ಪಕ್ಕದಲ್ಲೇ, ದಪ್ಪಕ್ಷರದಲ್ಲಿ ಹಾಕಿಸಿ.